ಆ ‘ಇಲ್ಲ’ದ ಮರುದಿನ

ಮದುವೆಗೆ ಕರೆಯಲು ಬಂದವರಿಗೆ ‘ನಾವು ಬರುವುದಿಲ್ಲ’ ಎಂದು ಮುಖಕ್ಕೆ ಹೇಳುವವರು ಕಡಿಮೆ. ‘ಅಯ್ಯೋ, ಬರಲೇಬೇಕು ಅಂತಿತ್ತು… ಅವತ್ತೇ ಮಗಳ ಪರೀಕ್ಷೆ ಬೇರೆ ಇದೆ… ನೋಡೋಣ’ ಎನ್ನುತ್ತೇವೆ. ಕರೆಯಲು ಬಂದವರು ಪತ್ರಿಕೆ ಕೊಟ್ಟು, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಇವರು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿರುತ್ತದೆ. ಪರೀಕ್ಷೆ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಅವರು ವಿಚಾರಿಸುವುದಿಲ್ಲ.

ಸ್ನೇಹಿತರೊಬ್ಬರಿಗೆ ಪ್ರೀತಿಯನ್ನು ಹೇಳಿಕೊಂಡ ಮೇಲೆ ಬರುವ ನಿರಾಕರಣೆಯೂ ಹೆಚ್ಚಾಗಿ ಇದೇ ಮೆತ್ತನೆಯ ಭಾಷೆಯಲ್ಲಿ ಬರುತ್ತದೆ. ಆದರೆ ಅಲ್ಲಿ ಮಾತ್ರ ಅದು ನಮಗೆ ಅರ್ಥವಾಗದೆ ಹೋಗುತ್ತದೆ. ಸ್ನೇಹ ಕೆಡುವುದು ಪ್ರೀತಿಯನ್ನು ಹೇಳಿಕೊಂಡದ್ದರಿಂದ ಎಂದು ಬಹಳ ಜನ ನಂಬಿದ್ದಾರೆ. ನಾನು ನೋಡಿದಂತೆ ಅದು ಕೆಡುವುದು ಆಮೇಲಿನ ಕೆಲವು ವಾರಗಳಲ್ಲಿ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಎರಡನೇ ವರ್ಷದ ಇಬ್ಬರು. ಐದು ಜನರ ಗುಂಪಿನಲ್ಲಿ ಹೆಚ್ಚು ಹತ್ತಿರದವರು. ಇನ್ನು ಮೂರು ವಾರಕ್ಕೆ ಇಬ್ಬರೂ ಸೇರಿ ಒಂದು ಸೆಮಿನಾರು ಕೊಡಬೇಕು. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡೆಯುತ್ತಾ ಅವನು ತನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತಾನೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನ್ ಹೇಳ್ಬೇಕು ಗೊತ್ತಾಗ್ತಿಲ್ಲ ಕಣೋ… ನೀನಂದ್ರೆ ನಂಗೆ ತುಂಬಾ ಇಷ್ಟ, ಆದ್ರೆ ಆ ಥರ ಯೋಚನೆ ಮಾಡಿಲ್ಲ… ಈಗ ಪರೀಕ್ಷೆ ಬೇರೆ ಇದೆ’ ಅನ್ನುತ್ತಾಳೆ.

ಅವನ ಕಿವಿಗೆ ಬೀಳುವುದು ಎರಡೇ ತುಂಡು: ‘ತುಂಬಾ ಇಷ್ಟ’ ಮತ್ತು ‘ಈಗ’. ಪರೀಕ್ಷೆ ಮುಗಿಯಲಿ, ಕಾಯುತ್ತೇನೆ ಎಂದು ಅವನು ಅಲ್ಲೇ ತೀರ್ಮಾನಿಸಿಬಿಡಬಹುದು. ಅವಳು ಹೇಳಿದ್ದು ಮಾತ್ರ ಪೂರ್ತಿ ‘ಇಲ್ಲ’. ಮೊದಲು ಮೌನ, ಆಮೇಲೆ ಎದುರಿಗಿರುವವರ ಮನಸ್ಸು ನೋಯದಿರಲಿ ಎಂದು ಒಂದು ಒಳ್ಳೆಯ ಮಾತು, ಆಮೇಲೆ ‘ಆದ್ರೆ’, ಕೊನೆಗೊಂದು ಕಾರಣ. ಮದುವೆಯ ಕರೆಯೋಲೆಗೆ ನಾವು ಕೊಟ್ಟ ಉತ್ತರದ ಅಚ್ಚೇ ಇದು. ಸೆಲಿಯಾ ಕಿಟ್ಸಿಂಗರ್ ಮತ್ತು ಹ್ಯಾನಾ ಫ್ರಿತ್ ಎಂಬ ಬ್ರಿಟಿಷ್ ಸಂಶೋಧಕಿಯರು 1999ರಲ್ಲಿ ಇದೇ ವಿಷಯವನ್ನು ವಿವರವಾಗಿ ಬರೆದರು. ದಿನನಿತ್ಯದ ಮಾತುಕತೆಯಲ್ಲಿ ನಿರಾಕರಣೆ ಸಾಮಾನ್ಯವಾಗಿ ತಡವರಿಕೆ, ಸಮಾಧಾನದ ಮಾತು, ಕಾರಣ ಇವುಗಳ ರೂಪದಲ್ಲೇ ಬರುತ್ತದೆ. ‘ಇಲ್ಲ’ ಎಂಬ ಶಬ್ದ ಇಲ್ಲದಿದ್ದರೂ ಕೇಳುವವರಿಗೆ ಅದು ಅರ್ಥವಾಗುತ್ತದೆ ಎಂಬುದು ಅವರ ವಾದ. ಹಾಗಾಗಿ ‘ಅವಳು ಸ್ಪಷ್ಟವಾಗಿ ಹೇಳಲೇ ಇಲ್ಲ’ ಎಂಬ ದೂರಿನಲ್ಲಿ ಹೆಚ್ಚು ಹುರುಳಿಲ್ಲ. ‘ಮನೇಲಿ ಒಪ್ಪಲ್ಲ’, ‘ಒಳ್ಳೆ ಫ್ರೆಂಡ್ ಆಗೇ ಇರೋಣ’, ‘ನಂಗೆ ಇವೆಲ್ಲ ಸೆಟ್ ಆಗಲ್ಲ’ ಮುಂತಾದ ಮಾತುಗಳನ್ನು ‘ಇಲ್ಲ’ ಎಂದೇ ತೆಗೆದುಕೊಳ್ಳಬೇಕು. ಮುಂದೊಂದು ದಿನ ಅವಳ ಮನಸ್ಸು ಬದಲಾದರೆ, ಬಾಯಿಬಿಟ್ಟು ಹೇಳಲು ಅವಳಿಗೆ ಬರುತ್ತದೆ.

ಆ ಕ್ಷಣದಲ್ಲಿ ಅವನು ಏನು ಹೇಳಬೇಕು? ಕಡಿಮೆ ಹೇಳಿದಷ್ಟೂ ಒಳ್ಳೆಯದು. ‘ಸರಿ ಕಣೆ, ಅರ್ಥ ಆಯ್ತು. ನೀನು ಇದಕ್ಕೆ ಇನ್ನೇನೂ ಉತ್ತರ ಹೇಳ್ಬೇಕಾಗಿಲ್ಲ.’ ಇಷ್ಟು ಸಾಕು. ಈ ಎರಡನೇ ಮಾತು ಅವಳ ಹೆಗಲಿನಿಂದ ದೊಡ್ಡ ಭಾರವನ್ನು ಇಳಿಸುತ್ತದೆ, ಇನ್ನೊಂದು ಸುತ್ತಿನ ಮಾತುಕತೆ ಕಾದಿಲ್ಲ ಎಂಬ ಭರವಸೆ ಕೊಡುತ್ತದೆ. ‘ಯಾಕೆ?’ ಎಂದು ಮಾತ್ರ ಕೇಳಬಾರದು. ಅದು ನ್ಯಾಯವಾದ ಪ್ರಶ್ನೆಯಂತೆಯೇ ಕಾಣುತ್ತದೆ. ಆದರೆ ಅವಳು ಕೊಡುವ ಪ್ರತಿಯೊಂದು ಕಾರಣಕ್ಕೂ ಅವನಲ್ಲಿ ಒಂದು ಪರಿಹಾರ ಸಿದ್ಧವಾಗುತ್ತದೆ. ಜಾತಿ ಅಂದರೆ ‘ಮನೆಯವರನ್ನ ಒಪ್ಪಿಸ್ತೀನಿ’, ಕೆಲಸ ಅಂದರೆ ‘ಎರಡು ವರ್ಷ ಕಾಯ್ತೀನಿ’. ಹೀಗೆ ಮಾತು ವಾದವಾಗುತ್ತದೆ, ಕೊನೆಗೆ ಅವಳು ‘ನೀನು ನಂಗಿಷ್ಟ ಇಲ್ಲ’ ಎಂದು ಒರಟಾಗಿ ಹೇಳಲೇಬೇಕಾಗುತ್ತದೆ. ಅದನ್ನು ಹೇಳಬಾರದೆಂದೇ ಅವಳು ಅಷ್ಟು ಸುತ್ತುಬಳಸಿ ಮಾತಾಡಿದ್ದಳು.

‘ತಮಾಷೆಗೆ ಹೇಳ್ದೆ, ಮರೆತುಬಿಡು’ ಎಂದು ನಗುವುದೂ ಬೇಡ. ಅವಳಿಗೆ ಅದು ತಮಾಷೆಯಲ್ಲ ಎಂದು ಗೊತ್ತು, ಹಾಗಾಗಿ ಇನ್ನು ಮುಂದೆ ಅವನ ಯಾವ ಮಾತನ್ನು ನಂಬಬೇಕೆಂಬುದೇ ಗೊಂದಲವಾಗುತ್ತದೆ. ‘ನಾಳೆಯಿಂದ ಮೊದಲಿನ ಥರಾನೇ ಇರ್ತೀನಿ’ ಎಂಬ ಆಣೆಯೂ ಬೇಡ. ನಾಳೆ ಹಾಗಿರಲು ಆಗುವುದಿಲ್ಲ.

ಆಗದಿರುವುದಕ್ಕೆ ಕಾರಣವಿದೆ. ಹೆಲೆನ್ ಫಿಶರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಮತ್ತು ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಂಗಾತಿ ಬಿಟ್ಟುಹೋದ, ಆದರೂ ಪ್ರೀತಿ ಆರದ 15 ಜನರಿಗೆ ಆ ವ್ಯಕ್ತಿಯ ಫೋಟೊ ತೋರಿಸಿ, ಮಿದುಳಿನ ಚಟುವಟಿಕೆಯನ್ನು ಸ್ಕ್ಯಾನಿಂಗ್ ಮೂಲಕ ನೋಡಿದರು. ಚಟ ಅಂಟಿದವರಲ್ಲಿ ಬಯಕೆ ಕೆರಳಿದಾಗ ಎಚ್ಚರಗೊಳ್ಳುವ ಕೆಲವು ಭಾಗಗಳು ಇವರಲ್ಲೂ ಎಚ್ಚರಗೊಂಡಿದ್ದವು. ದಿನಗಳು ಕಳೆದಷ್ಟೂ ಬಾಂಧವ್ಯಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಾಗಿತ್ತು ಎಂಬುದು ಅದೇ ಅಧ್ಯಯನದ ಇನ್ನೊಂದು ಮಾತು. ಇವರೆಲ್ಲ ಜೊತೆಗಿದ್ದು ಬೇರೆಯಾದವರು. ನಮ್ಮ ಹುಡುಗನದು ಶುರುವೇ ಆಗದ ಪ್ರೀತಿ. ಆದರೂ ರಾತ್ರಿ ಒಂದು ಗಂಟೆಗೆ ಅವಳ ಡಿಪಿಯನ್ನು ದೊಡ್ಡದು ಮಾಡಿ ನೋಡುವವನಿಗೆ ಇದರಲ್ಲಿ ತಿಳಿಯಬೇಕಾದದ್ದಿದೆ. ಪ್ರತಿ ಬಾರಿ ನೋಡಿದಾಗಲೂ ಗಾಯದ ಹಕ್ಕಳೆ ಕಿತ್ತಂತೆ.

ಆದ್ದರಿಂದ ಆ ರಾತ್ರಿಯ ಕೆಲಸ ಫೋನಿನದು. ಅವಳ ಚಾಟನ್ನು ಆರ್ಕೈವ್ ಮಾಡಿದರೆ ಅದು ಕಣ್ಣಮುಂದಿನ ಪಟ್ಟಿಯಿಂದ ಸರಿಯುತ್ತದೆ, ಅಳಿಸಿಹೋಗುವುದಿಲ್ಲ. ಸ್ಟೇಟಸ್ಸನ್ನು ಮ್ಯೂಟ್ ಮಾಡಬಹುದು, ಅವಳಿಗೆ ಅದು ತಿಳಿಯುವುದಿಲ್ಲ. ಬ್ಲಾಕ್ ಮಾಡುವುದನ್ನು ನಾನು ಹೇಳುವುದಿಲ್ಲ, ಅದು ಜಗಳದ ಸದ್ದು ಮಾಡುತ್ತದೆ. ಬರೆಯಬೇಕೆನಿಸಿದ ಉದ್ದನೆಯ ಸಂದೇಶವನ್ನು ಕಾಗದದ ಮೇಲೆ ಬರೆದಿಡಲಿ. ಬೆಳಿಗ್ಗೆ ಓದಿದರೆ ಅದರಲ್ಲಿ ಕ್ಷಮೆ, ಆಪಾದನೆ, ಬೇಡಿಕೆ ಮೂರೂ ಕಲಸಿಕೊಂಡಿರುವುದು ಅವನಿಗೇ ಕಾಣುತ್ತದೆ.

ಸ್ವಲ್ಪ ದೂರ ಇರಲೇಬೇಕು. ಆದರೆ ಹೇಳದೆ ದೂರವಾದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಇಲ್ಲಿ ಅವಳ ಕಡೆಗೂ ನೋಡಬೇಕು. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1993ರಲ್ಲಿ ಏಕಮುಖ ಪ್ರೀತಿಯ ಎರಡೂ ಬದಿಯ ಅನುಭವಗಳನ್ನು ಬರೆಸಿ ಹೋಲಿಸಿದರು. ಪ್ರೀತಿಸಿದವರ ಬರಹಗಳಲ್ಲಿ ನೋವಿನ ಜೊತೆ ಸಿಹಿ ನೆನಪುಗಳೂ ಇದ್ದವು. ನಿರಾಕರಿಸಿದವರ ಬರಹಗಳಲ್ಲಿ ಕಂಡದ್ದು ಹೆಚ್ಚಾಗಿ ಅಪರಾಧಿ ಭಾವ, ಕಿರಿಕಿರಿ, ಹೇಗೆ ನಡೆದುಕೊಳ್ಳಬೇಕೆಂದು ತಿಳಿಯದ ಕಷ್ಟ. ಪ್ರೀತಿಸುವವನು ಹೇಗಿರಬೇಕೆಂದು ಸಾವಿರ ಹಾಡು, ಸಿನಿಮಾ ಕಲಿಸಿವೆ. ಒಲ್ಲೆ ಎನ್ನುವವಳು ಹೇಗಿರಬೇಕೆಂದು ಯಾರೂ ಕಲಿಸಿಲ್ಲ. ಕ್ಯಾಂಟೀನಿನಲ್ಲಿ ಅವನು ಮುಖ ತಿರುಗಿಸಿದರೆ ಅವಳು ತಾನೇನೋ ಕೊಲೆ ಮಾಡಿದಂತೆ ಕುಗ್ಗುತ್ತಾಳೆ. ಮಾತಾಡಿಸಲು ಹೋದರೆ ಮತ್ತೆ ಆಸೆ ಹುಟ್ಟಿಸಿದಂತಾಗುತ್ತದೋ ಎಂದು ಹೆದರುತ್ತಾಳೆ.

ಇದಕ್ಕೆ ಒಂದೇ ಒಂದು ಸಂದೇಶ ಸಾಕು, ಮರುದಿನ ಹಗಲಿನಲ್ಲಿ: ‘ಒಂದೆರಡು ವಾರ ನಾನು ಸ್ವಲ್ಪ ಕಮ್ಮಿ ಮಾತಾಡಬಹುದು. ನಿನ್ನ ಮೇಲೆ ಕೋಪ ಇಲ್ಲ, ನಂಗೆ ಟೈಮ್ ಬೇಕು ಅಷ್ಟೆ. ಸೆಮಿನಾರ್ ಕೆಲಸ ನಿಲ್ಲಲ್ಲ, ನನ್ನ ಭಾಗ ಶುಕ್ರವಾರ ಕಳಿಸ್ತೀನಿ.’ ಇದರಲ್ಲಿ ಅವಧಿಯಿದೆ, ಕಾರಣವಿದೆ, ನಿಲ್ಲದ ಕೆಲಸವಿದೆ. ಉತ್ತರ ಕೇಳುವ ಪ್ರಶ್ನೆಯಿಲ್ಲ. ಶುಕ್ರವಾರ ಅವನು ತನ್ನ ಭಾಗವನ್ನು ನಿಜಕ್ಕೂ ಕಳಿಸಬೇಕು. ಆ ಒಂದು ಕಡತ ಹತ್ತು ಸಮಜಾಯಿಷಿಗಳಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಇನ್ನು ಗೆಳೆಯರ ವಿಷಯ. ನಮ್ಮಲ್ಲಿ ಒಬ್ಬನಿಗೆ ಯಾರ ಮೇಲಾದರೂ ಮನಸ್ಸಾಗಿದೆ ಎಂದು ತಿಳಿದ ತಕ್ಷಣ ಉಳಿದವರು ಆ ಹುಡುಗಿಯನ್ನು ‘ಅತ್ತಿಗೆ’ ಮಾಡಿಬಿಡುತ್ತಾರೆ. ಅವಳು ಬಂದರೆ ಕೆಮ್ಮು, ಅವನ ಹೆಸರು ಹಿಡಿದು ಕೂಗು. ನಿರಾಕರಿಸಿದ ಮೇಲೂ ಇದು ನಡೆದರೆ ಅವಳಿಗೆ ಆ ತರಗತಿಯೇ ಉಸಿರುಗಟ್ಟುತ್ತದೆ. ಅದನ್ನು ನಿಲ್ಲಿಸುವ ಜವಾಬ್ದಾರಿ ಅವನದೇ: ‘ಅವಳು ಬೇಡ ಅಂದಾಯ್ತು, ಇನ್ನು ಆ ಮಾತು ಬೇಡ ಕಣ್ರೋ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಬೇಕು. ಅಳಲು ಒಂದು ಹೆಗಲು ಬೇಕೇ ಬೇಕು; ಅದು ಈ ಗುಂಪಿನ ಹೊರಗಿನದಾಗಿರಲಿ, ಊರಿನ ಗೆಳೆಯನೋ ಅಕ್ಕನೋ. ಹೇಳಿಕೊಂಡವಳು ಹುಡುಗಿ, ಒಲ್ಲೆ ಎಂದವನು ಹುಡುಗ ಆದರೆ ಈ ಎಚ್ಚರ ಇಮ್ಮಡಿಯಾಗಬೇಕು. ‘ಅವಳೇ ಮೇಲೆ ಬಿದ್ದು ಕೇಳಿದ್ಲು’ ಎಂಬ ಒಂದು ಮಾತು ಹಾಸ್ಟೆಲಿನಿಂದ ಊರಿನವರೆಗೆ ಹೋಗಬಲ್ಲದು. ಅವನು ಅದನ್ನು ಯಾರ ಮುಂದೆಯೂ ಬಾಯಿಬಿಡಬಾರದು.

ಬಿಡದೆ ಹಿಂದೆ ಬಿದ್ದರೆ ಒಲಿಯುತ್ತಾಳೆ ಎಂದು ನಮ್ಮ ಎಷ್ಟೋ ಸಿನಿಮಾಗಳು ತೋರಿಸಿವೆ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ಸಂಗತಿ. ಹೆಣ್ಣು ತನಗೆ ಆಸಕ್ತಿಯಿಲ್ಲ ಎಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸುವುದು, ಹಿಂಬಾಲಿಸುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ, ಮತ್ತೆ ಮಾಡಿದರೆ ಐದು ವರ್ಷದವರೆಗೆ.

ಮೂರು ವಾರ ಕಳೆದು ಸೆಮಿನಾರು ಮುಗಿಯಿತು ಎನ್ನೋಣ. ಹಿಂತಿರುಗುವ ದಾರಿ ಇಲ್ಲಿಂದ. ಮೊದಲು ಗುಂಪಿನ ನಡುವೆ, ಆಮೇಲೆ ಇಬ್ಬರೇ. ಕೆರೆಯ ಏರಿಗೆ ಬದಲು ಕ್ಯಾಂಟೀನು, ರಾತ್ರಿಗೆ ಬದಲು ಮಧ್ಯಾಹ್ನ, ಮನಸ್ಸಿನ ಮಾತಿಗೆ ಬದಲು ಇಂಟರ್ನಲ್ಸ್ ಮಾರ್ಕ್ಸು. ಮೈಕಲ್ ಮಾಟ್ಲಿ ಮತ್ತು ಜೊತೆಗಾರರು 2008ರ ಅಧ್ಯಯನದಲ್ಲಿ ಇಂಥ ನಿವೇದನೆಯ ನಂತರವೂ ಉಳಿದ ಸ್ನೇಹಗಳನ್ನು ಮುರಿದ ಸ್ನೇಹಗಳೊಂದಿಗೆ ಹೋಲಿಸಿದ್ದರು. ಅವರು ವ್ಯತ್ಯಾಸ ಹುಡುಕಿದ್ದು, ಕಂಡದ್ದು ಆಮೇಲೆ ಇಬ್ಬರೂ ನಡೆದುಕೊಂಡ ರೀತಿಯಲ್ಲಿ. ಎಷ್ಟು ಹತ್ತಿರ ಬರಬೇಕೆಂಬ ಅಳತೆ ಮಾತ್ರ ಅವಳ ಕೈಯಲ್ಲಿರಲಿ. ಅವಳು ಪ್ರಶ್ನೆಗೆ ಉತ್ತರ ಕೊಟ್ಟು ತಾನಾಗಿ ಏನನ್ನೂ ಕೇಳದಿದ್ದರೆ, ಇಬ್ಬರೇ ಉಳಿದಾಗ ಫೋನು ಹಿಡಿದು ಎದ್ದರೆ, ಇನ್ನೂ ಸಮಯವಾಗಿಲ್ಲ. ತಿಂಗಳುಗಟ್ಟಲೆ ಹಾಗೇ ಇದ್ದರೆ ಅವಳಿಗೆ ಈ ಸ್ನೇಹ ಬೇಡವಾಗಿರಬಹುದು. ಅದೂ ಒಂದು ‘ಇಲ್ಲ’, ಮೊದಲನೆಯದರ ಹಾಗೇ ಒಪ್ಪಬೇಕಾದದ್ದು.

ಅವನ ಕಡೆಯ ಪರೀಕ್ಷೆ ಬೇರೆ. ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟದ್ದು, ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಟ್ಟದ್ದು ಮನಸ್ಸಿನಲ್ಲಿ ಲೆಕ್ಕದ ಪುಸ್ತಕದಂತೆ ತೆರೆದುಕೊಂಡು ‘ಇಷ್ಟೆಲ್ಲ ಮಾಡಿದ್ನಲ್ಲ’ ಎನಿಸಿದರೆ, ಅವನು ಸ್ನೇಹದ ಹೆಸರಿನಲ್ಲಿ ಇನ್ನೂ ಕಾಯುತ್ತಿದ್ದಾನೆ. ಇನ್ನೊಂದು ಗುರುತು ಒಂದು ದಿನ ತಾನಾಗಿ ಬರುತ್ತದೆ. ಕ್ಯಾಂಟೀನಿನಲ್ಲಿ ಅವಳು ಟೀ ಲೋಟ ತಿರುಗಿಸುತ್ತಾ, ‘ನಿಂಗೊಂದು ವಿಷಯ ಹೇಳ್ಬೇಕಿತ್ತು, ನಿಂಗೆ ಬೇಜಾರಾಗಲ್ಲ ತಾನೇ?’ ಎಂದು ಶುರುಮಾಡಿ, ತಾನು ಇಷ್ಟಪಟ್ಟ ಬೇರೊಬ್ಬನ ಬಗ್ಗೆ ಹೇಳುತ್ತಾಳೆ. ಎದೆಯಲ್ಲಿ ಚುರ್ ಎಂದರೆ ತಪ್ಪೇನಿಲ್ಲ. ಆ ಹುಡುಗನಲ್ಲಿ ಐಬು ಹುಡುಕಲು ನಾಲಿಗೆ ತುರಿಸಿದರೆ, ‘ಖುಷಿ ಆಯ್ತು ಕಣೆ, ಆದ್ರೆ ಇದನ್ನ ಪೂರ್ತಿ ಕೇಳೋಕೆ ನಂಗೆ ಇನ್ನೂ ಸ್ವಲ್ಪ ದಿನ ಬೇಕು’ ಎಂದು ಅವನು ನಿಜವನ್ನೇ ಹೇಳಬಹುದು. ತುರಿಸದಿದ್ದರೆ, ಇನ್ನೊಂದು ಟೀ ತರಿಸಿ, ಅವನ ಊರು ಯಾವುದು ಎಂದು ಕೇಳಬಹುದು.