ಚಕ್ರ ತಿರುಗಿದ ತಕ್ಷಣ ರೋಬೋ ಯಾಕೆ ರೀಸ್ಟಾರ್ಟ್ ಆಗುತ್ತೆ?

ಈ ವಾರದ ಎಪಿಸೋಡ್ ಪೂರ್ತಿ ಒಬ್ಬ ಕೇಳುಗರ ವಾಯ್ಸ್ ಮೆಸೇಜ್ ಮೇಲೆ. ಕಾಲೇಜ್ ಸ್ಪರ್ಧೆಗೆ ನಾಲ್ಕು ಚಕ್ರದ ರೋಬೋ ಮಾಡಿದ್ದಾರೆ. ಎರಡು 18650 ಲಿಥಿಯಂ ಸೆಲ್, ಎಲ್298ಎನ್ ಮೋಟಾರ್ ಡ್ರೈವರ್, ಅದರ 5 ವೋಲ್ಟ್ ಪಿನ್‌ನಿಂದಲೇ ಕರೆಂಟ್ ತಗೊಳ್ಳೋ ಇಎಸ್‌ಪಿ32 ಬೋರ್ಡ್. ನಿಂತಿದ್ದಾಗ ಎಲ್ಲಾ ಸರಿ. ಫೋನಿಂದ 'ಮುಂದೆ' ಅಂತ ಒತ್ತಿದ್ರೆ ರೋಬೋ ಒಂದು ಸಲ ಜರ್ಕ್ ಹೊಡೆದು, ವೈಫೈ ಕಟ್ ಆಗಿ, ಮತ್ತೆ ಮೊದಲಿಂದ ಶುರು. ಕೋಡ್ ಮೂರು ಸಲ ಬದಲಾಯಿಸಿದ್ದಾರೆ, ಹೊಸ ಸೆಲ್ ಕೂಡ ತಂದಿದ್ದಾರೆ. ಸ್ಪರ್ಧೆಗೆ ಉಳಿದಿರೋದು ಒಂದು ವಾರ.

ಇದಕ್ಕೆ ಬ್ರೌನ್‌ಔಟ್ ರೀಸೆಟ್ ಅಂತಾರೆ. ಚಿಪ್‌ಗೆ ಸಿಗೋ ವೋಲ್ಟೇಜ್ ಒಂದು ಮಿತಿಗಿಂತ ಇಳಿದ್ರೆ, ತಪ್ಪು ಲೆಕ್ಕ ಮಾಡೋದಕ್ಕಿಂತ ಮೊದಲಿಂದ ಶುರು ಮಾಡೋದೇ ವಾಸಿ ಅಂತ ಅದು ತಾನೇ ರೀಸೆಟ್ ಆಗುತ್ತೆ. ಇಎಸ್‌ಪಿ32ಗೆ ಆ ಮಿತಿ ಸಾಮಾನ್ಯವಾಗಿ 2.43 ವೋಲ್ಟ್ ಸುಮಾರು.

ಬ್ಯಾಟರಿ ಫುಲ್ ಇದ್ರೂ ಹೀಗೇಕೆ? ನಾನು ಕಾಮರ್ಸ್ ಓದಿದವನು, ನನಗೆ ಅರ್ಥ ಆಗೋದು ಹೀಗೆ: ಖಾತೆಯಲ್ಲಿ ಲಕ್ಷ ಇದ್ರೂ ಎಟಿಎಂ ಒಂದೇ ಸಲಕ್ಕೆ ಅಷ್ಟು ಕೊಡಲ್ಲ. ಸೆಲ್ ಮೇಲೆ ಬರೆದಿರೋ ಎಂಎಎಚ್ ಅನ್ನೋದು ಬ್ಯಾಲೆನ್ಸ್. ಒಂದೇ ಸಲಕ್ಕೆ ಎಷ್ಟು ಹೊರಗೆ ಬರುತ್ತೆ ಅನ್ನೋದನ್ನ ತೀರ್ಮಾನಿಸೋದು ಸೆಲ್ ಒಳಗಿನ ರೆಸಿಸ್ಟೆನ್ಸ್, ಜೊತೆಗೆ ನಿಮ್ಮ ವೈರ್. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮೋಟಾರ್‌ಗೆ ಆಗದಿರೋದೂ ಇದಕ್ಕೇ. ಅದರ ಒಳಗಿನ ರೆಸಿಸ್ಟೆನ್ಸೇ ಒಂದು ಓಮ್ ದಾಟುತ್ತೆ.

ಇವರ ರೋಬೋದ್ದೇ ಲೆಕ್ಕ ಹಾಕೋಣ. ಮೋಟಾರ್ ತಿರುಗುವಾಗ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನ ತಡೆಯುತ್ತೆ. ನಿಂತಲ್ಲಿಂದ ಹೊರಡೋವಾಗ ಆ ತಡೆ ಇಲ್ಲ. ಆ ಕ್ಷಣ ಒಂದೊಂದು ಮೋಟಾರ್ 1 ಆಂಪ್ ಎಳೀತು ಅಂದ್ಕೊಳ್ಳಿ, ನಾಲ್ಕು ಸೇರಿ 4. ಎರಡು ಸೆಲ್ ಸೇರಿ 0.1 ಓಮ್, ಹೋಲ್ಡರ್‌ನ ಸ್ಪ್ರಿಂಗ್, ಸ್ವಿಚ್, ತೆಳು ಜಂಪರ್ ವೈರ್, ಬ್ರೆಡ್‌ಬೋರ್ಡ್ ಸೇರಿ ಇನ್ನೂ 0.5. ಒಟ್ಟು 0.6 ಓಮ್ ಇಂಟು 4 ಆಂಪ್, ಅಂದ್ರೆ 2.4 ವೋಲ್ಟ್ ದಾರಿಯಲ್ಲೇ ಮಾಯ. 7.2 ಇದ್ದದ್ದು ಡ್ರೈವರ್ ಹತ್ರ 4.8. ಡ್ರೈವರ್ ಮೇಲಿನ ರೆಗ್ಯುಲೇಟರ್ ಸುಮಾರು 1.7 ವೋಲ್ಟ್ ತಾನು ಇಟ್ಕೊಳ್ಳುತ್ತೆ, ಇಎಸ್‌ಪಿ32 ಬೋರ್ಡ್‌ನದು ಇನ್ನೊಂದು ವೋಲ್ಟ್. ಚಿಪ್‌ಗೆ ತಲುಪೋದು 2ರ ಆಸುಪಾಸು. ರೀಸೆಟ್!

ಇದೆಲ್ಲ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯೋದ್ರಿಂದ ಮಲ್ಟಿಮೀಟರ್ ಸಾಮಾನ್ಯವಾಗಿ ಹಿಡಿಯಲ್ಲ. ಯುಎಸ್‌ಬಿ ಹಾಕಿ ಸೀರಿಯಲ್ ಮಾನಿಟರ್‌ನಲ್ಲಿ `Brownout detector was triggered` ಬರುತ್ತಾ ನೋಡೋಣ ಅಂದ್ರೆ, ಆಗ ಬೋರ್ಡ್‌ಗೆ ಲ್ಯಾಪ್‌ಟಾಪ್ ಕರೆಂಟ್ ಸಿಕ್ಕಿ ಸಮಸ್ಯೆಯೇ ಮಾಯ ಆಗಬಹುದು. (ಹಾಗೆ ಮಾಯ ಆದ್ರೆ ಅದೂ ಒಂದು ಸುಳಿವೇ.) ಅದಕ್ಕೆ `setup()` ಒಳಗೆ ಇದನ್ನ ಹಾಕಿ:

```
pinMode(2, OUTPUT);
if (esp_reset_reason() == ESP_RST_BROWNOUT)
  digitalWrite(2, HIGH);
```

2ನೇ ಪಿನ್‌ಗೆ ಎಲ್‌ಇಡಿ ಇರೋ ಬೋರ್ಡ್ ಆದ್ರೆ, ರೀಸೆಟ್ ಆದಮೇಲೆ ದೀಪ ಹತ್ತಿದ್ರೆ ಕೋಡ್ ತಪ್ಪಲ್ಲ, ಪವರ್‌ದೇ ತಪ್ಪು.

ರಿಪೇರಿ ವೈರಿಂದ ಶುರು ಮಾಡಿ, ಹೊಸ ಬ್ಯಾಟರಿಯಿಂದಲ್ಲ. ಮೋಟಾರ್ ದಾರಿಯಿಂದ ಬ್ರೆಡ್‌ಬೋರ್ಡ್ ತೆಗೆದುಹಾಕಿ, ದಪ್ಪ ವೈರ್ ಬೆಸುಗೆ ಹಾಕಿ. ಬ್ಯಾಟರಿಯ ಟರ್ಮಿನಲ್‌ನಿಂದಲೇ ಎರಡು ಜೋಡಿ ಬೇರೆ ಬೇರೆ ವೈರ್ ಎಳೀರಿ: ಒಂದು ಮೋಟಾರ್ ಡ್ರೈವರ್‌ಗೆ, ಇನ್ನೊಂದು 5 ವೋಲ್ಟ್ ಕೊಡೋ ಬಕ್ ಕನ್ವರ್ಟರ್ ಮೂಲಕ ಇಎಸ್‌ಪಿ32ಗೆ. ಡ್ರೈವರ್‌ನ 5 ವೋಲ್ಟ್ ಪಿನ್ ಬಿಟ್ಟುಬಿಡಿ. ಗ್ರೌಂಡ್ ಎರಡೂ ಬ್ಯಾಟರಿ ಹತ್ರ ಸೇರಲಿ. ಈಗ ಮೋಟಾರ್ ವೈರ್‌ನಲ್ಲಿ ಕಳೆಯೋ ವೋಲ್ಟೇಜ್ ಚಿಪ್‌ಗೆ ತಟ್ಟಲ್ಲ. ಇಬ್ಬರಿಗೂ ಸಾಮಾನ್ಯವಾಗಿ ಉಳಿಯೋ ರೆಸಿಸ್ಟೆನ್ಸ್ 0.25 ಓಮ್‌ಗೆ ಇಳಿದ್ರೆ ಬ್ಯಾಟರಿ ಹತ್ರ ಕಳೆಯೋದು 1 ವೋಲ್ಟ್ ಮಾತ್ರ. ಉಳಿದ 6.2ರಲ್ಲಿ ಕನ್ವರ್ಟರ್ ಆರಾಮಾಗಿ ಕೆಲಸ ಮಾಡುತ್ತೆ.

ಖರ್ಚಿಲ್ಲದ ಇನ್ನೊಂದು ಉಪಾಯ: ವೇಗವನ್ನ ಸೊನ್ನೆಯಿಂದ ಒಂದೇ ಏಟಿಗೆ ಪೂರ್ತಿಗೆ ಹಾರಿಸದೆ, ಕಾಲು ಸೆಕೆಂಡ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಮುಂದಕ್ಕೆ ಹೋಗ್ತಾ ಇದ್ದದ್ದನ್ನ ಹಿಂದಕ್ಕೆ ತಿರುಗಿಸೋವಾಗಂತೂ ಇದು ಬೇಕೇ ಬೇಕು, ಆಗ ಕರೆಂಟ್ ಹೊರಡೋವಾಗಿಗಿಂತ ಜಾಸ್ತಿ.

ಎಲ್ಲರೂ 'ದೊಡ್ಡ ಕೆಪಾಸಿಟರ್ ಹಾಕು' ಅಂತಾರೆ. ಬೋರ್ಡ್ 0.2 ಆಂಪ್ ಎಳೀತಿದ್ರೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ 5 ಮಿಲಿಸೆಕೆಂಡ್‌ಗೇ 1 ವೋಲ್ಟ್ ಕಳ್ಕೊಳ್ಳುತ್ತೆ. ಸಣ್ಣ ಕುಸಿತಕ್ಕೆ ಸರಿ, 50 ಮಿಲಿಸೆಕೆಂಡ್‌ನ ಕುಸಿತಕ್ಕೆ ಸಾಲಲ್ಲ. ಬ್ರೌನ್‌ಔಟ್ ಪತ್ತೆಯನ್ನೇ ಆಫ್ ಮಾಡೋ ಒಂದು ಸಾಲಿನ ಕೋಡ್ ಕೂಡ ಓಡಾಡ್ತಿದೆ. ಅದನ್ನ ಹಾಕಿದ್ರೆ ವೋಲ್ಟೇಜ್ ಏರಲ್ಲ, ಚಿಪ್ ಮಧ್ಯದಲ್ಲಿ ಹುಚ್ಚುಚ್ಚಾಗಿ ಆಡುತ್ತೆ ಅಷ್ಟೆ.

ದಪ್ಪ ವೈರ್ ಹಾಕಿದಮೇಲೆ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಒಂದು 5 ಆಂಪ್ ಫ್ಯೂಸ್ ಇರಲಿ. ಈಗ ಎಲ್ಲಾದರೂ ಶಾರ್ಟ್ ಆದ್ರೆ, ಮೊದಲು ತಡೀತಿದ್ದ ಆ ತೆಳು ವೈರ್ ಅಲ್ಲಿಲ್ಲ.