ಐದು ಸಾವಿರದ ಡಬ್ಬಿ

ಎಂಟು ಜನರ ಒಂದು ಕಚೇರಿ ಎಂದಿಟ್ಟುಕೊಳ್ಳಿ. ಹಾಲು, ಆಟೋ ಬಾಡಿಗೆ, ಕೊರಿಯರ್, ಜೆರಾಕ್ಸ್‌ನಂಥ ಚಿಲ್ಲರೆ ಖರ್ಚಿಗೆಂದು ಮಾಲೀಕರು ಬ್ಯಾಂಕಿನಿಂದ 5,000 ರೂಪಾಯಿ ತೆಗೆದು ಒಬ್ಬರ ಕೈಗೆ ಕೊಡುತ್ತಾರೆ. ಬೀಗದ ಕೈಯೂ ಅವರೊಬ್ಬರಲ್ಲೇ ಇರುತ್ತದೆ. ಡಬ್ಬಿಯಲ್ಲಿರುವ ನಗದು ಮತ್ತು ವೋಚರುಗಳನ್ನು ಯಾವ ಗಳಿಗೆಯಲ್ಲಿ ಕೂಡಿಸಿದರೂ 5,000 ಬರಬೇಕು. ಪೆಟ್ಟಿ ಕ್ಯಾಶ್ ವ್ಯವಸ್ಥೆಯೆಲ್ಲ ನಿಂತಿರುವುದು ಈ ಒಂದು ಲೆಕ್ಕದ ಮೇಲೆ.

ಹಣ ಹೊರಗೆ ಹೋದ ಕೂಡಲೇ ವೋಚರ್ ಬರೆಯಬೇಕು. ಅದರಲ್ಲಿ ಕ್ರಮಸಂಖ್ಯೆ, ತಾರೀಖು, ಯಾರಿಗೆ, ಯಾತಕ್ಕೆ, ಎಷ್ಟು ಎಂಬುದಿದ್ದು, ಹಣ ಪಡೆದವರ ಮತ್ತು ಒಪ್ಪಿಗೆ ಕೊಟ್ಟವರ ಸಹಿ ಇರಬೇಕು. ಬಿಲ್ಲನ್ನು ಹಿಂದೆ ಪಿನ್ ಮಾಡಬೇಕು. ಆಟೋದವರು ಬಿಲ್ ಕೊಡುವುದಿಲ್ಲ. ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ ಎಂದು ಬರೆದರೆ ಸಾಕು. ಡಬ್ಬಿ ನೋಡಿಕೊಳ್ಳುವವರು ತಮ್ಮ ಖರ್ಚಿಗೆ ತಾವೇ ಒಪ್ಪಿಗೆ ಹಾಕಿಕೊಳ್ಳುವುದು ಮಾತ್ರ ಸಲ್ಲದು.

ಈ ಕಚೇರಿಯಲ್ಲಿ ಒಂದು ವೋಚರಿಗೆ 750 ರೂಪಾಯಿ ಮಿತಿ. ಅದಕ್ಕಿಂತ ಹೆಚ್ಚಿನದಕ್ಕೆ ಮಾಲೀಕರನ್ನು ಮೊದಲೇ ಕೇಳಬೇಕು. ಮಿತಿಯನ್ನು ತಪ್ಪಿಸುವ ದಾರಿ ಸಾಮಾನ್ಯವಾಗಿ ಒಂದೇ: 1,200ರ ಖರೀದಿಯನ್ನು ಎರಡು ಬಿಲ್ಲಾಗಿ ಒಡೆಯುವುದು. ಒಂದೇ ಅಂಗಡಿ, ಒಂದೇ ತಾರೀಖು, ಒಂದರ ಹಿಂದೊಂದು ಬಿಲ್ ನಂಬರು ಕಂಡರೆ ಕೇಳಲೇಬೇಕು.

ತಿಂಗಳ ಕೊನೆಗೆ ತಾಳೆ ನೋಡುವಾಗ ಡಬ್ಬಿಯವರ ಎದುರಿಗೇ ಇನ್ನೊಬ್ಬರು ಎಣಿಸಬೇಕು. ನಮ್ಮ ಈ ಕಚೇರಿಯಲ್ಲಿ ವೋಚರುಗಳ ಮೊತ್ತ 3,840, ನಗದು 1,070 ಇದೆ ಎನ್ನೋಣ. ಕೂಡಿದರೆ 4,910, 90 ರೂಪಾಯಿ ಕಡಿಮೆ. ಯಾರನ್ನೂ ಅನುಮಾನಿಸುವ ಮೊದಲು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಇಲ್ಲಿ ಹಾಗೆಯೇ ಆಗಿತ್ತು: ಸ್ಟೇಷನರಿ ಬಿಲ್ 650, ವೋಚರಿನಲ್ಲಿ ಬರೆದದ್ದು 560. ಹಳೆಯ ಅಂಕಿಯನ್ನು ತಿದ್ದಿ ಬರೆಯದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಇಬ್ಬರೂ ಸಹಿ ಹಾಕಿದರು. ವೋಚರುಗಳ ಮೊತ್ತ ಈಗ 3,930.

ಕಾರಣ ಸಿಗದಿದ್ದರೆ ಏನು ಮಾಡುವುದು? ಅನೇಕರು ಸ್ವಂತ ಜೇಬಿನಿಂದ ಹಣ ಹಾಕಿ ಮುಗಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರೂ ಇದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ತಿಂಗಳೂ ಕೊರತೆ ಬೀಳುತ್ತಿದ್ದರೂ ಪುಸ್ತಕದಲ್ಲಿ ಅದರ ಸುಳಿವೇ ಇರುವುದಿಲ್ಲ. ‘ನಗದು ಕೊರತೆ’ ಎಂದೇ ವೋಚರ್ ಬರೆದು ಮಾಲೀಕರ ಸಹಿ ಪಡೆಯುವುದು ನೇರವಾದ ದಾರಿ.

ತಾಳೆಯಾದ ವೋಚರುಗಳಿಗೆಲ್ಲ ‘ಪಾವತಿಯಾಗಿದೆ’ ಎಂಬ ಮೊಹರು ಬೀಳಬೇಕು. ಇಲ್ಲದಿದ್ದರೆ ಅದೇ ಬಿಲ್ ಮುಂದಿನ ತಿಂಗಳು ಮತ್ತೆ ಬರಬಹುದು. ಆಮೇಲೆ ಖರ್ಚಾದಷ್ಟಕ್ಕೇ, ಅಂದರೆ 3,930ಕ್ಕೆ, ಚೆಕ್ ಬರೆದರೆ ಡಬ್ಬಿ ಮತ್ತೆ 5,000ಕ್ಕೆ ಮುಟ್ಟುತ್ತದೆ. ಮಾರ್ಚ್ 31ರಂದು ಮಾತ್ರ, ಚೆಕ್ ತಡವಾದರೂ, ಅಂದಿನವರೆಗಿನ ವೋಚರುಗಳನ್ನು ಲೆಕ್ಕಕ್ಕೆ ಏರಿಸಲೇಬೇಕು. ಇಲ್ಲವಾದರೆ ಈ ವರ್ಷದ ಖರ್ಚು ಮುಂದಿನ ವರ್ಷದ ಪುಸ್ತಕಕ್ಕೆ ಸೇರಿಬಿಡುತ್ತದೆ.