ಹಳೆ ಮನೆ ಗೆಸ್ಟ್ ಹೌಸ್ ಆಗುವಾಗ ಹೆಸರು ಹೇಗಿರಬೇಕು?

ಶಿರಸಿಯಲ್ಲಿ ನಿಮ್ಮದೊಂದು ಹಳೆ ಹಂಚಿನ ಮನೆ ಇದೆ ಎಂದುಕೊಳ್ಳೋಣ. ಅದನ್ನು ಎಂಟು ಕೋಣೆಗಳ ಹೆರಿಟೇಜ್ ಗೆಸ್ಟ್ ಹೌಸ್, ಅಂದರೆ ಹಳತನ ಉಳಿಸಿಕೊಂಡ ತಂಗುಮನೆ, ಮಾಡಲಿದ್ದೀರಿ. ಅಡಿಕೆ, ಕಾಳುಮೆಣಸು ಖರೀದಿಗೆ ಬರುವವರೂ ಬೇಕು, ಮಾರಿಕಾಂಬೆಯ ದರ್ಶನಕ್ಕೆ ಮಕ್ಕಳುಮರಿ ಕಟ್ಟಿಕೊಂಡು ಬರುವವರೂ ಬೇಕು.

ಮೊದಲು ಹೆಸರಿನ ಬಾಲ ನೋಡಿ. ಯಾರು ಬರುತ್ತಾರೆಂದು ತೀರ್ಮಾನಿಸುವುದು ಅದೇ. 'ಹೋಟೆಲ್' ಎಂದು ಬರೆದರೆ ಇಡ್ಲಿ ಇದೆಯಾ ಎಂದು ಕೇಳುತ್ತಾ ಬರುತ್ತಾರೆ. 'ಲಾಡ್ಜ್' ಎಂದರೆ ಸಂಸಾರಸ್ಥರು ಹಿಂಜರಿಯುತ್ತಾರೆ. 'ಮಹಲ್' ಕಲ್ಯಾಣ ಮಂಟಪದಂತೆ ಕೇಳುತ್ತದೆ. 'ರೆಸಾರ್ಟ್' ಮಕ್ಕಳಿಗೆ ಇಷ್ಟವೇ, ಆದರೆ ಆ ಬಿಲ್ಲನ್ನು ಕಂಪನಿಯ ಲೆಕ್ಕಪತ್ರದವರ ಮುಂದಿಡಲು ನೌಕರನಿಗೆ ಮುಜುಗರ. 'ಹೋಮ್‌ಸ್ಟೇ' ಎಂದರೆ ಮಾಲೀಕರೂ ಅಲ್ಲೇ ವಾಸವಿರಬೇಕು, ಅದರ ನೋಂದಣಿಯೇ ಬೇರೆ. 'ಗೆಸ್ಟ್ ಹೌಸ್' ಇಬ್ಬರಿಗೂ ಒಪ್ಪುತ್ತದೆ.

ಇನ್ನು ಬಾಲಕ್ಕೆ ಮುಂಚಿನ ಪದ. 'ಶಿರಸಿ' ಎಂದೇ ಇಟ್ಟರೆ ಸಾಲದೇ? ಸಾಲದು. ಬರೀ ಊರ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಟ್ರೇಡ್‌ಮಾರ್ಕ್, ಅಂದರೆ ಹೆಸರಿನ ಕಾನೂನು ಹಕ್ಕು, ಸಿಗುವುದು ಕಷ್ಟ. ದೇವಿಯ ಹೆಸರಿಟ್ಟರೆ ಅದೇ ಹೆಸರಿನ ಅಂಗಡಿಗಳ ನಡುವೆ ಕಳೆದುಹೋಗುತ್ತೀರಿ. 'ತೊಟ್ಟಿಮನೆ' ಚೆಂದವೇ. ಆದರೆ ಇಂಗ್ಲಿಷ್‌ನಲ್ಲಿ ಒಬ್ಬರು Thotti ಎಂದು ಬರೆದರೆ ಇನ್ನೊಬ್ಬರು Totti ಎನ್ನುತ್ತಾರೆ, ಮ್ಯಾಪ್‌ನಲ್ಲಿ ಹುಡುಕುವವರು ದಾರಿ ತಪ್ಪುತ್ತಾರೆ. ಕಸದ ತೊಟ್ಟಿಯೂ ನೆನಪಾಗದಿರದು! 'ಜಗಲಿ' ನೋಡಿ. ಮನೆಯ ಹಳತನ ಹೇಳುತ್ತದೆ, ಮಲೆನಾಡಿನದು, Jagali ಎಂದು ಬರೆದರೆ ಮುಗಿಯಿತು.

ಪರೀಕ್ಷೆ ಸುಲಭ. ಊರಾಚೆಯ ನಾಲ್ಕು ಜನರಿಗೆ ಫೋನಿನಲ್ಲಿ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್ ಮಾಡಲು ಹೇಳಿ. ಒಬ್ಬೊಬ್ಬರು ಒಂದೊಂದು ಥರ ಬರೆದರೆ ಆ ಹೆಸರು ಬಿಡಿ.

ಆಮೇಲೆ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣ ipindia.gov.in ನಲ್ಲಿ 43ನೇ ವರ್ಗದಲ್ಲಿ ಹುಡುಕಿ. ಊಟ, ವಸತಿ ಸೇವೆಗಳ ವರ್ಗ ಅದು. ಹುಡುಕಾಟ ಉಚಿತ. ಉಚ್ಚಾರದಲ್ಲಿ ಹತ್ತಿರವಿರುವ ಹೆಸರುಗಳನ್ನೂ ನೋಡಿ, ತಕರಾರು ಹೆಚ್ಚಾಗಿ ಬರುವುದು ಅಲ್ಲಿಂದಲೇ. ಯಾರದೂ ಇಲ್ಲವಾದರೆ TM-A ಅರ್ಜಿ ಹಾಕಿ. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಶುಲ್ಕ 4,500 ರೂಪಾಯಿ. ವಕೀಲರ ಫೀ ಬೇರೆ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು.

ಜಿಎಸ್‌ಟಿ ನೋಂದಣಿಯ 'ಟ್ರೇಡ್ ನೇಮ್', ಅಂದರೆ ವ್ಯವಹಾರದ ಹೆಸರು, ಎಂಬಲ್ಲೂ ಇದೇ ಹೆಸರನ್ನು ಬರೆಸಿ. ಬೋರ್ಡಿನಲ್ಲೊಂದು ಬಿಲ್ಲಿನಲ್ಲೊಂದು ಇದ್ದರೆ ವ್ಯಾಪಾರಕ್ಕೆ ಬಂದವರು ಮತ್ತೆ ಮತ್ತೆ ಫೋನ್ ಮಾಡುತ್ತಾರೆ. ಕರ್ನಾಟಕದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲೇ ಇರಬೇಕೆಂಬುದು 2024ರ ತಿದ್ದುಪಡಿಯ ನಿಯಮ. ಬೋರ್ಡ್ ಬರೆಸುವುದು ಮಾತ್ರ ಹುಡುಕಾಟ ಮುಗಿಸಿ, ಅರ್ಜಿ ಹಾಕಿದ ಮೇಲೆಯೇ ಇರಲಿ.